ರೀಲ್ಸ್ ಬಂತು, ಏನಂತ ಬರೆಯೋದು?

2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಮಂಡ್ಯ ಸೀಮೆಯ ಮೊಬೈಲುಗಳಲ್ಲಿ ಒಂದು ಪ್ರಶ್ನೆ ಸುತ್ತಾಡುತ್ತಿತ್ತು: ‘ನಿಖಿಲ್, ಎಲ್ಲಿದ್ದೀಯಪ್ಪಾ?’ ಅದು ಹೊಸ ಮಾತೇನಲ್ಲ. 2016ರಲ್ಲಿ ‘ಜಾಗ್ವಾರ್’ ಸಿನಿಮಾದ ಹಾಡುಗಳ ಬಿಡುಗಡೆ ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ವೇದಿಕೆಯಿಂದ ಮಗನನ್ನು ಕೂಗಿ ಕೇಳಿದ್ದು, ಮಗ ಜನರ ನಡುವಿನಿಂದ ಉತ್ತರ ಕೊಟ್ಟಿದ್ದು. ಮೂರು ವರ್ಷ ಕಳೆದು ನಿಖಿಲ್ ಮಂಡ್ಯದಿಂದ ಅಭ್ಯರ್ಥಿಯಾದಾಗ ಆ ತುಣುಕಿಗೆ ಮತ್ತೆ ಜೀವ ಬಂತು. ಸುಮಲತಾ ಅಂಬರೀಶ್ ಪಕ್ಷೇತರರಾಗಿ ಗೆದ್ದರು, ಚುನಾವಣೆ ಮುಗಿಯಿತು, ಆದರೆ ಪ್ರಶ್ನೆ ಮಾತ್ರ ಉಳಿಯಿತು. ಕ್ಲಾಸಿಗೆ ಬಾರದ ಗೆಳೆಯನಿಗೂ ಅದೇ, ಸಾಲ ತಗೊಂಡು ಕಣ್ಮರೆಯಾದವನಿಗೂ ಅದೇ.

ಈ ಮೀಮಿನ ಬಲ ಇರುವುದು ಅದು ಅರ್ಧಕ್ಕೇ ನಿಲ್ಲುವುದರಲ್ಲಿ. ಒಬ್ಬರು ಪ್ರಶ್ನೆ ಹಾಕುತ್ತಾರೆ, ಇನ್ನೊಬ್ಬರು ಉತ್ತರ ಕೊಡಬೇಕು. ನಾಲ್ಕು ದಿನದಿಂದ ಮೆಸೇಜ್ ಮಾಡದ ಹುಡುಗನಿಗೆ ಹುಡುಗಿಯೊಬ್ಬಳು ಬರೀ ‘ಎಲ್ಲಿದ್ದೀಯಪ್ಪಾ’ ಎಂದು ಕಳಿಸಿದರೆ ಅದರಲ್ಲಿ ತಮಾಷೆಯೂ ಇದೆ, ‘ನೀನು ಕಾಣದಿದ್ದದ್ದು ನನ್ನ ಗಮನಕ್ಕೆ ಬಂದಿದೆ’ ಎಂಬುದೂ ಇದೆ. ಮೊದಲನೆಯದನ್ನು ಊರೆಲ್ಲ ಓದಬಹುದು. ಎರಡನೆಯದು ಅವನೊಬ್ಬನಿಗೆ. ‘ನಿನ್ನ ನೆನಪಾಗ್ತಾ ಇತ್ತು, ಅದಕ್ಕೇ ಆ ಮೀಮ್ ಥರ ಕೇಳಿದೆ’ ಎಂದು ಅವಳು ಕೆಳಗೆ ಸೇರಿಸಿದ್ದರೆ ಎರಡೂ ಕೆಟ್ಟುಹೋಗುತ್ತಿದ್ದವು.

ಹಾಗೆಂದು ಒಂದು ಪಕ್ಷದವರು ಹೇಳುತ್ತಾರೆ. ಮನಸ್ಸಿಗೆ ಹಿಡಿಸಿದವರು ತಮಾಷೆಯ ರೀಲ್ಸೋ ಮೀಮೋ ಕಳಿಸಿದಾಗ ಎರಡು ಪದ ಬರೆದು ಬಿಟ್ಟುಬಿಡಬೇಕು, ಜೋಕನ್ನು ಬಿಡಿಸಬಾರದು, ಕಾಳು ಹಾಕುವುದಾದರೂ ಹಾಕಿದ್ದು ಕಾಣಬಾರದು ಎನ್ನುವುದು ಅವರ ಮತ. ಇನ್ನೊಂದು ಪಕ್ಷ ಒಪ್ಪುವುದಿಲ್ಲ. ಅರ್ಧ ಮಾತಿನಲ್ಲಿ ಆಡುವ ಆಟದಿಂದ ಒಬ್ಬರಿಗೆ ಮಜಾ, ಇನ್ನೊಬ್ಬರಿಗೆ ತಲೆನೋವು, ಹೇಳುವುದಿದ್ದರೆ ನೇರ ಹೇಳಿ ಎನ್ನುತ್ತದೆ. ಎರಡು ವಾದಗಳಲ್ಲೂ ಹುರುಳಿದೆ. ಅವು ಒಂದೇ ವಿಷಯದ ಬಗ್ಗೆ ಜಗಳವಾಡುತ್ತಿವೆಯೇ ಎಂಬುದೇ ನನ್ನ ಅನುಮಾನ.

ಬಂದದ್ದು ನಿಮಗೊಬ್ಬರಿಗೇನಾ?

ಉತ್ತರಕ್ಕೆ ಮೊದಲು ಬಂದದ್ದು ಏನೆಂದು ನೋಡಬೇಕು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಶುರು ಮಾಡಿದ ಮೇಲೆ, ರೀಲ್ಸ್ ಕಳಿಸುವುದು ಕೆಮ್ಮಿದಷ್ಟು ಸಲೀಸಾಗಿದೆ. ಕಳಿಸುವ ಬಟನ್ ಒತ್ತಿದರೆ ಹೆಸರುಗಳ ಸಾಲು ಬರುತ್ತದೆ. ಅದರಲ್ಲಿ ಒಬ್ಬರನ್ನೂ ಆರಿಸಬಹುದು, ಐದಾರು ಜನರನ್ನೂ ಆರಿಸಬಹುದು. ಐದಾರು ಜನಕ್ಕೆ ಕಳಿಸಿದರೂ ಪ್ರತಿಯೊಬ್ಬರಿಗೂ ತಮಗೊಬ್ಬರಿಗೇ ಬಂದಂತೆ ಕಾಣುತ್ತದೆ. ವಾಟ್ಸ್ಆ್ಯಪಿನಲ್ಲಾದರೆ ಬೇರೆಯವರ ಮೆಸೇಜನ್ನು ದಾಟಿಸಿದಾಗ ‘ಫಾರ್ವರ್ಡೆಡ್’ ಎಂಬ ಗುರುತು ಬೀಳುತ್ತದೆ. ಇನ್‌ಸ್ಟಾದಲ್ಲಿ ಬಂದ ರೀಲ್ಸು ಮಾತ್ರ ತಾನು ಇನ್ನೆಷ್ಟು ಮನೆಗೆ ಹೋಗಿ ಬಂದೆ ಎಂದು ಬಾಯಿ ಬಿಡುವುದಿಲ್ಲ.

ಆದ್ದರಿಂದ ರೀಲ್ಸ್ ಬಂದ ಮಾತ್ರಕ್ಕೆ ಎದೆ ಹೊಡೆದುಕೊಳ್ಳಬೇಕಿಲ್ಲ. ನೋಡಬೇಕಾದದ್ದು ಅದು ನಿಮ್ಮಿಬ್ಬರ ನಡುವೆ ನಡೆದ ಯಾವುದಕ್ಕಾದರೂ ಅಂಟಿಕೊಂಡಿದೆಯೇ ಎಂದು. ನಿನ್ನೆ ಮಾತಾಡಿದ ವಿಷಯಕ್ಕೆ, ನಿಮ್ಮ ಒಂದು ಅಭ್ಯಾಸಕ್ಕೆ, ಇಬ್ಬರೂ ಕಂಡ ಒಬ್ಬರಿಗೆ. ಅಂಟಿದ್ದರೆ ಕಳಿಸಿದವರು ರೀಲ್ಸ್ ನೋಡುತ್ತಾ ನಿಮ್ಮನ್ನು ನೆನೆದಿದ್ದಾರೆ ಎಂದು ಧೈರ್ಯವಾಗಿ ಹೇಳಬಹುದು. ಎಲ್ಲರೂ ನಗುವಂಥ ಬೆಕ್ಕಿನ ವಿಡಿಯೋ ಆಗಿದ್ದರೆ ಅಷ್ಟು ಹೇಳಲು ಬರುವುದಿಲ್ಲ. ಅಂಥದ್ದಕ್ಕೆ ಒಂದು ನಗುವ ಎಮೋಜಿ ಸಾಕು, ಅಲ್ಲಿ ಸರಸ ಮಾಡಹೋದರೆ ಜಾರಿ ಬೀಳುವುದೇ ಹೆಚ್ಚು.

ಯಲಿಯೂರು ಸ್ಟೇಷನ್ನಿನ ಇಬ್ಬರು

ಹೀಗೊಂದು ಸಂದರ್ಭ ಇಟ್ಟುಕೊಳ್ಳೋಣ. ಮಂಡ್ಯದಿಂದ ಮೈಸೂರಿನ ಕಡೆ ಹೊರಟರೆ ಸಿಗುವ ಸಣ್ಣ ನಿಲ್ದಾಣ ಯಲಿಯೂರು. ಬೆಳಗಿನ ಪ್ಯಾಸೆಂಜರ್ ಹಿಡಿದು ಮೈಸೂರಿಗೆ ಕೆಲಸಕ್ಕೆ ಹೋಗುವ ಇಬ್ಬರು, ವಯಸ್ಸು ಇಪ್ಪತ್ನಾಲ್ಕು ಇಪ್ಪತ್ತೈದು. ಮುಖ ಪರಿಚಯ ಹೋಗಿ ಮಾತಿನ ಪರಿಚಯವಾಗಿದೆ, ‘ನೀವು’ ಹೋಗಿ ‘ನೀನು’ ಬಂದಿದೆ. ಹುಡುಗ ದಿನಾ ಲೇಟು. ರೈಲು ನಿಂತ ಮೇಲೆಯೇ ಪ್ಲಾಟ್‌ಫಾರಂ ಮೇಲೆ ಓಡುತ್ತಾ ಬರುವವನು. ಒಂದು ರಾತ್ರಿ ಅವಳಿಂದ ರೀಲ್ಸ್ ಬರುತ್ತದೆ, ಜೊತೆಗೆ ಒಂದು ಅಕ್ಷರವೂ ಇಲ್ಲ. ಅದರಲ್ಲಿ ಒಬ್ಬ ಲುಂಗಿಯುಟ್ಟು ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಫೋನಿನಲ್ಲಿ ‘ಆಗ್ಲೇ ಹೊಂಟೆ, ಇನ್ನೇನ್ ಬಂದೆ’ ಅನ್ನುತ್ತಾನೆ. ಕೊನೆಯಲ್ಲಿ ಬಸ್‌ಸ್ಟಾಂಡಿನಲ್ಲಿ ಕಾಯುವ ಗೆಳೆಯರಿಗೆ ಬಿಳಿ ಗಡ್ಡ ಬಂದಿರುತ್ತದೆ.

ಈಗ ಹುಡುಗ ಏನು ಬರೆಯಬಹುದು?

ಡಬಲ್ ಟ್ಯಾಪ್ ಮಾಡಿ ಕೆಂಪು ಹೃದಯ ಒತ್ತಬಹುದು. ಆದರೆ ಅದು ಎಲ್ಲರಿಗೂ ಎಲ್ಲದಕ್ಕೂ ಒತ್ತುವ ಹೃದಯ. ‘ನೋಡಿದೆ’ ಎಂಬುದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ‘ಹಹಹ ಸೂಪರ್’ ಎಂದು ಬರೆಯಬಹುದು. ಅದೂ ಹಾಗೆಯೇ, ಬಾಗಿಲು ತೆರೆದೂ ಇಲ್ಲ, ಮುಚ್ಚಿಯೂ ಇಲ್ಲ.

ಇನ್ನು ಬಿಡಿಸಿ ಬರೆಯುವ ರೀತಿ. ‘ಹಹಹ ಸಖತ್ತಾಗದೆ, ಮನೇಲೇ ಕೂತ್ಕೊಂಡು ಹೊಂಟೆ ಅಂತಾನಲ್ಲ, ಕೊನೇಲಿ ಗಡ್ಡ ಬೇರೆ ಬಂದ್ಬಿಡ್ತದೆ, ನಾನೂ ಹಂಗೇ ದಿನಾ ಲೇಟಲ್ವಾ, ಅದ್ಕೇ ಕಳ್ಸಿದೀಯ ತಾನೆ?’ ಇದರಲ್ಲಿ ನಾಲ್ಕು ಕೆಲಸ ನಡೆದಿವೆ. ಮೊದಲು ಹೊಗಳಿದ. ಆಮೇಲೆ ಅವಳು ಆಗಲೇ ನೋಡಿದ್ದನ್ನು ಅವಳಿಗೇ ಕಥೆ ಹೇಳಿದ. ಆಮೇಲೆ ಅವಳು ಹೇಳದೆ ಬಿಟ್ಟದ್ದನ್ನು ತಾನೇ ಹೇಳಿದ. ಕೊನೆಗೆ ಅರ್ಥವಾದದ್ದು ಸರಿಯೇ ಎಂದು ಸಹಿ ಹಾಕಿಸಿಕೊಳ್ಳಲು ಹೊರಟ. ಎಲ್ಲ ಮುಗಿದ ಮೇಲೆ ಅವಳಿಗೆ ಉಳಿದದ್ದು ‘ಹ್ಞೂ’ ಒಂದೇ. ಕೀಟಲೆ ಮಾಡಲು ಬಂದವಳು ಉತ್ತರಪತ್ರಿಕೆ ತಿದ್ದುವ ಟೀಚರಾದಳು.

ಕಡಿಮೆ ಬರೆಯುವವನು ಹೀಗೆ ಬರೆದಾನು: ‘ನಮ್ಮನೇಲಿ ಕ್ಯಾಮ್ರಾ ಮಡ್ಗಿರೋದು ನೀನಾ?’

ಇದರಲ್ಲಿ ಲುಂಗಿಯಿಲ್ಲ, ಗಡ್ಡವಿಲ್ಲ, ‘ನಾನು ಲೇಟು’ ಎಂಬ ಒಪ್ಪಿಗೆಯೂ ಇಲ್ಲ. ಆದರೆ ಜೋಕು ಅರ್ಥವಾಯಿತು, ಅದು ತನಗೇ ಹೇಳಿದ್ದು ಎಂಬುದೂ ಗೊತ್ತಾಯಿತು, ಜೊತೆಗೆ ‘ನೀನು ನನ್ನನ್ನು ಗಮನಿಸುತ್ತಿದ್ದೀಯ’ ಎಂಬ ಸಣ್ಣ ಆರೋಪವೂ ಆಕೆಯ ಕಡೆ ಹೋಯಿತು. ಆರೋಪ ಬಂದರೆ ಸಮಜಾಯಿಷಿ ಕೊಡಬೇಕಲ್ಲ. ‘ಕ್ಯಾಮ್ರಾ ಯಾಕ್ ಬೇಕು, ಪ್ಲಾಟ್‌ಫಾರಂ ಮೇಲೆ ಓಡೋದು ದಿನಾ ಕಾಣ್ತದಲ್ಲ’ ಎಂದು ಅವಳು ಬರೆದರೆ, ಅವನು ಹಿಡಿದುಕೊಳ್ಳಬೇಕಾದ ಪದ ‘ದಿನಾ’. ‘ದಿನಾ ನೋಡ್ತೀಯಾ ಅನ್ನು’ ಎಂದರೆ ಮಾತು ಮುಂದೆ ಹೋಯಿತು. ಸರಸ ಶುರುವಾದದ್ದು ಇಲ್ಲಿ, ಅದೂ ರೀಲ್ಸಿನ ವಿಷಯವನ್ನು ಇಬ್ಬರೂ ಒಂದು ಸಲವೂ ಎತ್ತದೆ.

ಇದೇ ಜಾಗದಲ್ಲಿ ‘ನೀನ್ ಕಾಯ್ತೀನಿ ಅಂದ್ರೆ ಜನ್ಮ ಪೂರ್ತಿ ಓಡಿ ಬತ್ತೀನಿ’ ಎಂದು ಬರೆಯುವವರೂ ಇದ್ದಾರೆ. ಇದು ಚಿಕ್ಕದೇ, ಬಿಡಿಸಿದ್ದೂ ಅಲ್ಲ, ಆದರೂ ಕೆಲಸಕ್ಕೆ ಬರುವುದಿಲ್ಲ. ಅವಳು ತಂದದ್ದು ಲೇಟು ಹುಡುಗನ ಬಗ್ಗೆ ಒಂದು ಗೇಲಿ, ಇವನು ಅದರ ಮೇಲೆ ಜನ್ಮವನ್ನೇ ಹೇರಿದ. ಪದ ಕಡಿಮೆ ಇದ್ದ ಮಾತ್ರಕ್ಕೆ ಭಾರ ಕಡಿಮೆ ಇರಬೇಕೆಂದೇನಿಲ್ಲ.

ಕಡಿಮೆ ಬರೆಯುವವರ ಕಡೆಯಿಂದ

ಈ ಪಕ್ಷದ ಮೊದಲ ವಾದ ಎದುರಿನವರಿಗೆ ಜಾಗ ಬಿಡುವುದರ ಬಗ್ಗೆ. ನಗು ಹುಟ್ಟುವುದು ಕೇಳಿದವರು ತಾವಾಗಿ ಕೊಂಡಿ ಕೂಡಿಸಿದಾಗ. ಕೂಡಿಸಿ ಕೊಟ್ಟರೆ ತಿಳಿವಳಿಕೆ ಬರುತ್ತದೆ, ನಗು ಬರುವುದಿಲ್ಲ. ನಮ್ಮ ಕಾವ್ಯಮೀಮಾಂಸಕರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಒಂಬತ್ತನೇ ಶತಮಾನದ ಕಾಶ್ಮೀರದ ಆನಂದವರ್ಧನ ಕಾವ್ಯದ ಆತ್ಮ ಧ್ವನಿ ಎಂದದ್ದು ಇದೇ ಅರ್ಥದಲ್ಲಿ. ಮಾತು ಒಂದು ಹೇಳುತ್ತದೆ, ಅದರ ಬೆನ್ನಿಗೆ ಇನ್ನೊಂದು ಹೊಳೆಯುತ್ತದೆ, ಆ ಹೊಳೆದದ್ದೇ ಹೆಚ್ಚು ಸೊಗಸು. ಅವನು ಕೊಡುವ ಉದಾಹರಣೆಗಳಲ್ಲಿ ಪ್ರಣಯದ ಸಂದರ್ಭಗಳಿಗೆ ಕೊರತೆಯಿಲ್ಲ. ಕನ್ನಡದಲ್ಲಿ ಇದನ್ನೆಲ್ಲ ತಿಳಿಯಾಗಿ ಓದಬೇಕೆಂದರೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಇದೆ.

ಎರಡನೆಯ ವಾದ ಊರಿನದು. ನಗರದಲ್ಲಿ ಒಂಟಿ ರೂಮು ಮಾಡಿಕೊಂಡಿರುವವರಿಗೆ ಇದು ಅಷ್ಟಾಗಿ ತಟ್ಟದು. ಹಳ್ಳಿಯ ಮನೆಯಲ್ಲಿ ಫೋನು ಚಾರ್ಜಿಗೆ ಹಾಕುವುದು ನಡುಮನೆಯ ಟಿ.ವಿ. ಪಕ್ಕದ ಪ್ಲಗ್ಗಿಗೆ. ಮೆಸೇಜ್ ಬಂದರೆ ಪರದೆಯ ಮೇಲೆ ಮೊದಲ ಸಾಲು ಮಿಂಚುತ್ತದೆ. ಅಣ್ಣನ ಕಣ್ಣಿಗೆ ‘ಕ್ಯಾಮ್ರಾ ಮಡ್ಗಿರೋದು ನೀನಾ’ ಎಂಬುದು ಬಿದ್ದರೆ ಅದು ಯಾವುದೋ ತಲೆಹರಟೆ. ‘ನೀನು ನನಗೋಸ್ಕರ ಕಾಯ್ತೀಯ ಅಂತ ಗೊತ್ತು, ನಂಗೂ ನಿನ್ನ ನೋಡಕ್ಕೇ ಓಡಿ ಬರೋದು’ ಎಂಬುದು ಬಿದ್ದರೆ ಅಂದಿನ ರಾತ್ರಿ ಆ ಮನೆಯಲ್ಲಿ ಪಂಚಾಯ್ತಿ. ಅರ್ಧ ಮಾತು ಇಲ್ಲಿ ಬರೀ ಜಾಣತನವಲ್ಲ, ಆಕೆಯ ರಕ್ಷಣೆಯೂ ಹೌದು.

ಮೂರನೆಯದು, ಹಿಂದೆ ಸರಿಯುವ ದಾರಿ. ಅವಳು ಬರೀ ರೈಲಿನ ಸ್ನೇಹಕ್ಕೆ ಕಳಿಸಿದ್ದರೆ ಕ್ಯಾಮ್ರಾದ ಮಾತಿಗೆ ನಕ್ಕು ಸುಮ್ಮನಾಗಬಹುದು. ಯಾರ ಮುಖವೂ ಕೆಂಪಾಗುವುದಿಲ್ಲ, ನಾಳೆ ಅದೇ ಪ್ಲಾಟ್‌ಫಾರಮ್ಮಿನಲ್ಲಿ ತಲೆ ತಗ್ಗಿಸಿ ನಿಲ್ಲಬೇಕಿಲ್ಲ. ದಿನಾ ಒಂದೇ ಬೋಗಿಯಲ್ಲಿ ಹೋಗಬೇಕಾದವರಿಗೆ ಈ ದಾರಿ ಸಣ್ಣದೇನಲ್ಲ.

ನೇರ ಹೇಳಿ ಎನ್ನುವವರ ಕಡೆಯಿಂದ

ಆ ಮೂರನೆಯ ವಾದವನ್ನೇ ಎದುರು ಪಕ್ಷ ತಿರುಗಿಸಿ ಹಿಡಿಯುತ್ತದೆ. ಹಿಂದೆ ಸರಿಯುವ ದಾರಿ ಯಾರಿಗೆ? ಹೆಚ್ಚಾಗಿ ಕಾಳು ಹಾಕಿದವನಿಗೆ. ತಿಂಗಳುಗಟ್ಟಲೆ ಎರಡರ್ಥದ ಉತ್ತರ ಬರೆದು, ಅವಳು ಮನಸ್ಸು ಬಿಚ್ಚಿದ ದಿನ ‘ಅಯ್ಯೋ, ತಮಾಷೆಗೆ ಅಂದೆ ಕಣೇ’ ಎನ್ನುವವರನ್ನು ಎಲ್ಲ ಊರೂ ಕಂಡಿದೆ. ಉಲ್ಟಾ ಸಂದರ್ಭವೂ ಇದೆ. ಅವಳಿಗೆ ಇಷ್ಟವಿಲ್ಲ, ಆದರೆ ಅವನು ಏನನ್ನೂ ನೇರ ಕೇಳಿಲ್ಲವಾದ್ದರಿಂದ ಬೇಡ ಎನ್ನಲು ಜಾಗವೇ ಇಲ್ಲ. ‘ನಾನೇನ್ ಕೇಳ್ದೆ ಈಗ?’ ಎಂದುಬಿಟ್ಟರೆ ಅವಳೇ ಏನೇನೋ ಕಲ್ಪಿಸಿಕೊಂಡವಳಾಗುತ್ತಾಳೆ.

ಮೌನ ಅಥವಾ ಬರೀ ಎಮೋಜಿ ಒಪ್ಪಿಗೆಯಲ್ಲ ಎಂಬುದನ್ನು ಈ ಪಕ್ಷ ಮತ್ತೆ ಮತ್ತೆ ನೆನಪಿಸುತ್ತದೆ. ಹೆಣ್ಣು ಸ್ಪಷ್ಟವಾಗಿ ಆಸಕ್ತಿಯಿಲ್ಲವೆಂದು ಸೂಚಿಸಿದ ಮೇಲೂ ಗಂಡು ಮತ್ತೆ ಮತ್ತೆ ಸಂಪರ್ಕಿಸಲು ಯತ್ನಿಸಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅದು ಅಪರಾಧ. ಕಾನೂನು ಸ್ಪಷ್ಟ ಸೂಚನೆಯ ಮಾತಾಡುತ್ತದೆ. ತಮಾಷೆಯ ಮರೆಯಲ್ಲಿ ನಡೆಯುವ ಮಾತುಕತೆಯಲ್ಲಿ ಆ ಸೂಚನೆ ಕೊಡುವುದೂ ಕಷ್ಟ, ಕೊಟ್ಟದ್ದನ್ನು ಕಾಣುವುದೂ ಕಷ್ಟ. ‘ಹಹ’ ಎಂಬ ಎರಡಕ್ಷರವನ್ನು ಬರೆದವಳು ಮುಗಿಸುವುದಕ್ಕೆ ಬರೆದಿರಬಹುದು, ಓದಿದವನು ಶುರುವೆಂದು ಓದಿಕೊಂಡಿರಬಹುದು.

ಆನಂದವರ್ಧನನ ಸಾಕ್ಷಿಯನ್ನೂ ಇವರು ಸುಮ್ಮನೆ ಬಿಡುವುದಿಲ್ಲ. ‘ಬರಬೇಡ’ ಎಂಬ ಮಾತಿನಲ್ಲಿ ‘ಬಾ’ ಎಂಬ ಅರ್ಥ ಹೊಳೆಯುವಂಥ ಉದಾಹರಣೆಗಳೂ ಅಲಂಕಾರಶಾಸ್ತ್ರದಲ್ಲಿವೆ. ಕಾವ್ಯದಲ್ಲಿ ಅದನ್ನು ಓದುವ ಸಹೃದಯನಿಗೆ ಹೇಳುವವರು ಯಾರು, ಕೇಳುವವರು ಯಾರು, ಹೊತ್ತು ಯಾವುದು ಎಲ್ಲ ಗೊತ್ತಿರುತ್ತದೆ. ಅದನ್ನು ಇನ್‌ಬಾಕ್ಸಿಗೆ ತಂದು, ಹುಡುಗಿಯ ‘ಬೇಡ’ದಲ್ಲಿ ‘ಬೇಕು’ ಹುಡುಕಲು ಹೊರಟರೆ ಅದು ರಸಿಕತೆಯಲ್ಲ, ಕಾಟ.

ಹಳ್ಳಿಯ ವಾದಕ್ಕೂ ಉತ್ತರವಿದೆ. ಅಣ್ಣನ ಕಣ್ಣಿಗೆ ಅರ್ಥವಾಗದ ಅದೇ ಅರ್ಧ ಸಾಲು ನಾಳೆ ಸ್ಕ್ರೀನ್‌ಶಾಟ್ ಆಗಿ ಗೆಳೆಯರ ಗುಂಪಿಗೆ ಹೋದರೆ? ಮೇಲಿನ ರೀಲ್ಸ್ ಕತ್ತರಿಸಿ ಹೋಗಿರುತ್ತದೆ, ಉಳಿದಿರುವುದು ‘ದಿನಾ ನೋಡ್ತೀಯಾ ಅನ್ನು’ ಮತ್ತು ಅದರ ಕೆಳಗಿನ ಅವಳ ನಗು. ಅದಕ್ಕೆ ಯಾರು ಬೇಕಾದರೂ ಏನು ಬೇಕಾದರೂ ಅರ್ಥ ಕಟ್ಟಬಹುದು. ಹೀಗೆ ಕಟ್ಟಿದ ಅರ್ಥದ ಬೆಲೆಯನ್ನು ಹೆಚ್ಚಾಗಿ ಹುಡುಗಿಯೇ ತೆರಬೇಕಾಗುತ್ತದೆ. ಅದಕ್ಕೇ ರೀಲ್ಸ್ ಹುಡುಗನ ಕಡೆಯಿಂದ ಬಂದಾಗ ಬಹಳ ಹುಡುಗಿಯರು, ಉತ್ತರ ನಾಲಿಗೆ ತುದಿಯಲ್ಲಿದ್ದರೂ, ಒಂದು ಎಮೋಜಿಯಲ್ಲಿ ಮುಗಿಸುತ್ತಾರೆ. ಅದನ್ನು ಹಾಸ್ಯಪ್ರಜ್ಞೆ ಇಲ್ಲದವಳು ಎಂದು ಓದುವುದು ಅನ್ಯಾಯ. ಅವಳ ಒಂದು ಕೀಟಲೆಯ ಸಾಲಿಗೂ ಅವನ ಒಂದು ಕೀಟಲೆಯ ಸಾಲಿಗೂ ಊರು ಹಾಕುವ ಬೆಲೆ ಒಂದೇ ಅಲ್ಲ.

ಇನ್ನೊಂದು ಮಾತೂ ಇದೆ. ಎಲ್ಲ ಮೀಮಿಗೂ ನಗುವುದು ಮುಗ್ಧ ಕೆಲಸವಲ್ಲ. ಚುನಾವಣೆಯ ಮೀಮಿಗೆ ನಕ್ಕರೆ, ಅವಳ ಅಪ್ಪ ಅದು ಗೇಲಿ ಮಾಡುವ ಪಕ್ಷದ ಕಾರ್ಯಕರ್ತರಾಗಿರಬಹುದು. ಮಂಡ್ಯದಲ್ಲಿ ‘ಎಲ್ಲಿದ್ದೀಯಪ್ಪಾ’ ಕೆಲವರಿಗೆ ನಗು, ಕೆಲವರಿಗೆ ಗಾಯ. ಮೈಬಣ್ಣ, ಜಾತಿ, ದಪ್ಪ ಹೊಟ್ಟೆಯ ಮೇಲಿನ ರೀಲ್ಸಿಗೆ ಚುರುಕಾದ ಒಂದು ಸಾಲು ಬರೆದು ಮೆಚ್ಚಿಸಲು ಹೋದರೆ ಆ ಸಾಲು ಬರೆದವರ ಗುಣಪತ್ರವಾಗುತ್ತದೆ. ಅಂಥ ಕಡೆ ‘ಇದು ನಂಗ್ಯಾಕೋ ಹಿಡಿಸ್ಲಿಲ್ಲ’ ಎಂದು ನೇರ ಬರೆಯುವುದೇ ಮೇಲು. ಮೆಚ್ಚಿನವರು ಕಳಿಸಿದ್ದೆಂದು ಎಲ್ಲದಕ್ಕೂ ನಗಬೇಕಾಗಿಲ್ಲ.

ಕರಿಮಣಿಯ ರೀಲ್ಸ್ ಬಂದಾಗ

ಎರಡೂ ವಾದಗಳು ಒಂದೇ ಮಾತುಕತೆಯೊಳಗೆ ಹೇಗೆ ಕೈ ಬದಲಿಸುತ್ತವೆ ಎಂಬುದಕ್ಕೆ 2024ರ ಆರಂಭದಲ್ಲಿ ಕರ್ನಾಟಕವನ್ನೆಲ್ಲ ಆವರಿಸಿದ ‘ಕರಿಮಣಿ ಮಾಲೀಕ’ ರೀಲ್ಸ್ ಒಳ್ಳೆಯ ಉದಾಹರಣೆ. 1999ರ ‘ಉಪೇಂದ್ರ’ ಸಿನಿಮಾದ ಹಾಡೊಂದು ಕಾಲು ಶತಮಾನದ ನಂತರ ಮತ್ತೆ ಎದ್ದು ಕೂತಿತು. ಹುಡುಗರು ಕೈಕೊಟ್ಟ ಹುಡುಗಿಯನ್ನು ನೆನೆದು ಅಳುವ ನಾಟಕ ಮಾಡಿದರು, ಹೆಂಡತಿಯರು ಗಂಡಂದಿರನ್ನು ರೇಗಿಸಿದರು, ಅಜ್ಜಿಯರೂ ಬಿಡಲಿಲ್ಲ.

ಆಗ ನಮ್ಮ ಯಲಿಯೂರಿನ ಹುಡುಗನಿಗೆ ಅವಳು ಅಂಥದ್ದೊಂದನ್ನು ಕಳಿಸಿದಳು ಎಂದುಕೊಳ್ಳಿ. ಇದು ಲೇಟು ಹುಡುಗನ ಗೇಲಿಯ ಹಾಗಲ್ಲ. ಕರಿಮಣಿ ಎಂದರೆ ಮದುವೆ, ಮತ್ತು ಮಾಲೀಕ ನೀನಲ್ಲ ಎಂಬುದೇ ಅದರ ತಿರುಳು. ಬೇಡವೆಂದು ಹೇಳುವುದಕ್ಕೆ ಕಳಿಸಿದಳೇ, ಕೆಣಕುವುದಕ್ಕೇ, ಅಥವಾ ಎಲ್ಲರೂ ಕಳಿಸುತ್ತಿದ್ದಾರೆಂದು ಕಳಿಸಿದಳೇ? ಮೂರಕ್ಕೂ ಅವಕಾಶವಿದೆ. ‘ಯಾಕ್ ಹಿಂಗಂತೀಯ, ನಿಜವಾಗ್ಲೂ ನಾನಲ್ವಾ, ಅಥವಾ ಸುಮ್ನೆ ತಮಾಷೆಗಾ?’ ಎಂದು ಅವನು ಬರೆದರೆ ಅವಳು ಬಾಯಿ ಬಿಡದಿದ್ದ ವಿಷಯವನ್ನು ಬಾಯಿ ಬಿಡಿಸಲು ಹೊರಟಂತೆ. ಅವಳು ಕೆಣಕಿದ್ದೇ ಆಗಿದ್ದರೂ ಈಗ ‘ಅಯ್ಯೋ, ಸುಮ್ನೆ ಕಳ್ಸಿದ್ದು’ ಎಂದು ಓಡುತ್ತಾಳೆ.

‘ಹಂಗಾದ್ರೆ ಮಾಲೀಕ ಯಾರು?’

ಇಷ್ಟು ಸಾಕು. ರೀಲ್ಸ್ ಎಲ್ಲಿ ನಿಂತಿತೋ ಅಲ್ಲಿಂದಲೇ ಇದು ಮುಂದುವರಿಯುತ್ತದೆ. ತಾನೇ ಎಂದು ಹೇಳಿಕೊಳ್ಳುವುದಿಲ್ಲ, ಅಲ್ಲವೆಂದು ಬೇಸರವನ್ನೂ ತೋರಿಸುವುದಿಲ್ಲ. ಅವಳಿಗೆ ಬೇಕಾದಷ್ಟು ದಾರಿಗಳಿವೆ. ‘ಅರ್ಜಿ ಕರೆದಿಲ್ಲ ಇನ್ನೂ’ ಎನ್ನಬಹುದು. ಆಗ ‘ಕೊನೇ ದಿನಾಂಕ ಹೇಳ್ಬುಡು, ನಾನ್ ಲೇಟು ಗಿರಾಕಿ’ ಎಂದು ಅವನು ಹಳೆಯ ಗೇಲಿಯನ್ನು ಇದಕ್ಕೆ ಗಂಟು ಹಾಕಬಹುದು. ಇಬ್ಬರ ನಡುವೆ ಮಾತ್ರ ಇರುವ ಹಳೆಯ ನಗುವೊಂದು ಹೀಗೆ ಮತ್ತೆ ಕೆಲಸಕ್ಕೆ ಬಂದರೆ ಸ್ನೇಹಕ್ಕೆ ಒಂದು ಚರಿತ್ರೆ ಹುಟ್ಟುತ್ತದೆ. ಇಲ್ಲಿಯವರೆಗೆ ಕಡಿಮೆ ಬರೆಯುವವರದೇ ಗೆಲುವು.

ಆದರೆ ಅವಳು ಹೀಗೆ ಬರೆದಳು ಎಂದುಕೊಳ್ಳಿ: ‘ಗೊತ್ತಿಲ್ಲ. ಮನೇಲಿ ನೋಡ್ತಾವ್ರೆ.’

ಈ ಎರಡು ವಾಕ್ಯದಲ್ಲಿ ನಗುವ ಎಮೋಜಿ ಇಲ್ಲ, ಆಟದ ದನಿಯೂ ಇಲ್ಲ. ಮನೆಯಲ್ಲಿ ಗಂಡು ನೋಡಲು ಶುರುಮಾಡಿದ್ದಾರೆ, ಬಹುಶಃ ಆ ರೀಲ್ಸನ್ನು ಅವಳು ಕಳಿಸಿದ್ದೇ ಈ ವಿಷಯ ಎತ್ತಲು ಬೇರೆ ದಾರಿ ಕಾಣದೆ. ಈಗ ‘ಲುಂಗಿಯವ್ನ ಫೋಟೋನೂ ಕೊಡು ಅವ್ರಿಗೆ’ ಎಂದು ಅವನು ಹಳೆಯ ಚಾಳಿಯಲ್ಲೇ ಬರೆದರೆ, ಅದು ಎಷ್ಟೇ ಚುರುಕಾಗಿರಲಿ, ಎಷ್ಟೇ ಚಿಕ್ಕದಾಗಿರಲಿ, ಅವಳನ್ನು ಒಬ್ಬಂಟಿ ಮಾಡುತ್ತದೆ. ಇಲ್ಲಿ ಗೆಲ್ಲುವುದು ನೇರ ಪಕ್ಷ. ‘ನಿಂಗೇನನ್ನಿಸ್ತದೆ?’ ಎಂದು ಕೇಳಬೇಕು, ಅಥವಾ ‘ಇದು ಮೆಸೇಜಲ್ಲಿ ಬೇಡ, ನಾಳೆ ಸಿಕ್ಕಿ ಮಾತಾಡಣ’ ಎನ್ನಬೇಕು. ಹೇಳುವುದಿದ್ದರೆ ಹೇಳಬೇಕು. ಹೇಳುವುದಿಲ್ಲವಾದರೆ ಅದನ್ನೂ ಹೇಳಬೇಕು, ಏಕೆಂದರೆ ಅವಳು ಮನೆಯಲ್ಲಿ ಯಾರಿಗೋ ಉತ್ತರ ಕೊಡಬೇಕಾಗಿದೆ.

ಆಟ ಎಲ್ಲಿ ಮುಗಿಯಿತು ಎಂಬುದನ್ನು ಗುರುತಿಸಲು ಕೆಲವು ಲಕ್ಷಣಗಳಿವೆ. ಎದುರಿನವರ ವಾಕ್ಯ ರೀಲ್ಸನ್ನು ಬಿಟ್ಟು ಬದುಕಿನ ಕಡೆ ತಿರುಗುತ್ತದೆ. ಪೂರ್ಣವಿರಾಮಗಳು ಬರತೊಡಗುತ್ತವೆ. ತಕ್ಷಣ ಬರುತ್ತಿದ್ದ ಉತ್ತರ ತಡವಾಗುತ್ತದೆ, ಬರೆಯುತ್ತಿರುವುದು ಕಂಡು ಮತ್ತೆ ನಿಂತುಹೋಗುತ್ತದೆ. ಇನ್ನೊಂದು ಬಗೆಯ ಮುಕ್ತಾಯವೂ ಇದೆ. ನಿಮ್ಮ ಎರಡು ಕೀಟಲೆಗೂ ಬರೀ ಹೃದಯವೋ ‘ಹಹ’ವೋ ಬಂದು, ಅವರ ಕಡೆಯಿಂದ ಹೊಸ ಮಾತು ಒಂದೂ ಹುಟ್ಟದಿದ್ದರೆ, ಅಲ್ಲಿ ಮುಂದುವರಿಸುವಂಥದ್ದು ಏನೂ ಇಲ್ಲ. ಮೂರನೆಯ ಕೀಟಲೆ ಬೇಡ.

ಜಗಳ ಯಾವುದರ ಬಗ್ಗೆ

ಎರಡನ್ನೂ ತೂಗಿ ನೋಡಿದರೆ, ಬಿಡಿಸಿ ಹೇಳುವುದು ಎಂಬ ಒಂದೇ ಹೆಸರಿನಡಿ ಎರಡು ಬೇರೆ ಕೆಲಸಗಳು ಸೇರಿಕೊಂಡಿವೆ ಎನಿಸುತ್ತದೆ. ಒಂದು, ಜೋಕನ್ನು ಬಿಡಿಸುವುದು. ಇನ್ನೊಂದು, ಮನಸ್ಸನ್ನು ಹೇಳುವುದು. ಕಡಿಮೆ ಬರೆಯುವವರು ಮೊದಲನೆಯದರ ವಿಷಯದಲ್ಲಿ ಪೂರ್ತಿ ಸರಿ. ಗಡ್ಡ ಯಾಕೆ ಬಂತು, ಕರಿಮಣಿ ಯಾರದು ಎಂಬುದನ್ನು ಕಳಿಸಿದವರಿಗೇ ವಿವರಿಸಿ ಯಾವ ಸಂಬಂಧವೂ ಬೆಳೆದದ್ದಿಲ್ಲ. ನೇರ ಪಕ್ಷದವರು ಎರಡನೆಯದರ ವಿಷಯದಲ್ಲಿ ಸರಿ. ಮನಸ್ಸಿನಲ್ಲಿರುವುದನ್ನು ಕೊನೆಯವರೆಗೂ ಮೀಮಿನ ಬೆನ್ನಿಗೆ ಬಚ್ಚಿಟ್ಟು ಯಾರೂ ನ್ಯಾಯವಾಗಿ ನಡೆದುಕೊಳ್ಳಲಾರರು. ತೊಂದರೆ ಆಗುವುದು ಅದಲು ಬದಲಾದಾಗ. ನಮ್ಮಲ್ಲಿ ಬಹಳ ಹುಡುಗರು ಜೋಕನ್ನು ಉದ್ದುದ್ದ ಬಿಡಿಸುತ್ತಾರೆ, ಮನಸ್ಸಿನ ಮಾತು ಬಂದಾಗ ಒಂದು ಎಮೋಜಿಗೆ ಇಳಿಯುತ್ತಾರೆ.

ಬಳಕೆಗೆ ಬೇಕಾದದ್ದು ಇಷ್ಟು. ರೀಲ್ಸನ್ನು ಕೊನೆಯವರೆಗೆ ನೋಡಿ. ಮುಕ್ಕಾಲು ನಿಮಿಷದ ರೀಲ್ಸಿಗೆ ಐದು ಸೆಕೆಂಡಿನಲ್ಲಿ ‘ಹಹಹ’ ಬಂದರೆ, ನಗು ಇರುವುದೇ ಕೊನೆಯಲ್ಲಿ ಎಂದು ಗೊತ್ತಿರುವ ಕಳಿಸಿದವರಿಗೆ ನೀವು ನೋಡಿಲ್ಲವೆಂಬುದೂ ಗೊತ್ತಾಗುತ್ತದೆ. ರೀಲ್ಸಿನಲ್ಲಿ ಇರುವುದನ್ನು ಮತ್ತೆ ಹೇಳದೆ, ಅದರಲ್ಲಿ ಇಲ್ಲದ ಒಂದನ್ನು, ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದನ್ನು ತಂದು ಅದರ ಪಕ್ಕ ಇಡಿ. ಕ್ಯಾಮ್ರಾ ಬಂದದ್ದು ಹಾಗೆ. ಕಳಿಸಿದ ಮೇಲೆ ಅರ್ಥವಾಯಿತೋ ಇಲ್ಲವೋ ಎಂದು ಕೆಳಗೆ ಇನ್ನೆರಡು ಸಾಲು ಸೇರಿಸಬೇಡಿ. ಇನ್‌ಸ್ಟಾದಲ್ಲಿ ಹದಿನೈದು ನಿಮಿಷದೊಳಗೆ ತಿದ್ದಬಹುದು ನಿಜ, ಆದರೆ ತಿದ್ದಿದ ಗುರುತು ಅಲ್ಲೇ ಉಳಿಯುತ್ತದೆ, ಮತ್ತು ತಿದ್ದಿದ ಕೀಟಲೆಗಿಂತ ಪೇಲವವಾದದ್ದು ಇನ್ನೊಂದಿಲ್ಲ. ಅರ್ಥವಾಗದೆ ಹೋದರೆ ಹೋಗಲಿ, ನಾಳೆ ಇನ್ನೊಂದು ರೀಲ್ಸ್ ಬರುತ್ತದೆ.

ಆದರೆ ಎದುರಿನವರು ‘ಹಂಗಂದ್ರೆ?’ ಎಂದು ಕೇಳಿದರೆ ನಿಂತು ಯೋಚಿಸಬೇಕು. ಅವರು ಕೇಳುತ್ತಿರುವುದು ಜೋಕಿನ ಬಗ್ಗೆಯಾದರೆ ನಕ್ಕು ತೇಲಿಸಿಬಿಡಬಹುದು, ಇನ್ನೊಂದು ಕೀಟಲೆಯನ್ನೂ ಸೇರಿಸಬಹುದು. ನಿಮ್ಮ ಬಗ್ಗೆಯಾದರೆ ತೇಲಿಸುವಂತಿಲ್ಲ. ಎರಡರಲ್ಲಿ ಯಾವುದೆಂದು ಗೊತ್ತಾಗದಿದ್ದರೆ ಅದು ನಿಮ್ಮ ಬಗ್ಗೆಯೇ ಎಂದುಕೊಂಡು ನೇರ ಉತ್ತರ ಕೊಡಿ. ತಪ್ಪಿದರೆ ಒಂದು ಜೋಕು ಹಾಳಾದೀತು, ಅಷ್ಟೇ.